ಅಳಿಸಬೇಕು, ಕ್ಷಮೆ ಕೇಳಬೇಕು, ಹಣವನ್ನೂ ಕೊಡಬೇಕು: ಮಾನಹಾನಿ ನೋಟಿಸಿನ ಮೂರು ಬೇಡಿಕೆಗಳು

2021ರ ಜೂನ್‌ನಲ್ಲಿ ಸಾಕೇತ್ ಗೋಖಲೆ ಟ್ವಿಟರ್‌ನಲ್ಲಿ ಸರಣಿಯಾಗಿ ಕೆಲವು ಪೋಸ್ಟ್ ಹಾಕಿದರು. ವಿಶ್ವಸಂಸ್ಥೆಯಲ್ಲಿ ಸಹಾಯಕ ಮಹಾಕಾರ್ಯದರ್ಶಿಯಾಗಿದ್ದ ನಿವೃತ್ತ ರಾಜತಾಂತ್ರಿಕ ಅಧಿಕಾರಿ ಲಕ್ಷ್ಮಿ ಪುರಿ ಸ್ವಿಟ್ಜರ್ಲೆಂಡಿನಲ್ಲಿ ಮನೆ ಕೊಂಡಿದ್ದಾರೆ, ಅವರ ಸಂಬಳಕ್ಕೂ ಆ ಮನೆಯ ಬೆಲೆಗೂ ತಾಳೆಯಾಗುತ್ತಿಲ್ಲ, ತನಿಖೆ ಆಗಲಿ ಎಂಬುದು ಅವುಗಳ ಸಾರ. ಪುರಿ ಅವರ ಪತಿ ಹರ್‌ದೀಪ್ ಸಿಂಗ್ ಪುರಿ ಆಗ ಕೇಂದ್ರ ಸಚಿವರು. ಹೀಗಾಗಿ ಪೋಸ್ಟ್ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮನೆ ಕೊಂಡದ್ದು ನಿಜವೇ. ಆದರೆ ಗೋಖಲೆ ಲೆಕ್ಕ ಹಾಕಿದ್ದು ಭಾರತ ಸರ್ಕಾರದ ಸಂಬಳದ ಮೇಲೆ. ಮನೆ ಕೊಂಡ ಕಾಲದಲ್ಲಿ ಪುರಿ ನಿಯೋಜನೆಯ ಮೇಲೆ ವಿಶ್ವಸಂಸ್ಥೆಯ ಕೆಲಸದಲ್ಲಿದ್ದರು, ಅಲ್ಲಿನ ವೇತನವೇ ಬೇರೆ. ಮನೆಯ ಬೆಲೆಯ ದೊಡ್ಡ ಪಾಲು ಬ್ಯಾಂಕ್ ಸಾಲ, ಉಳಿದದ್ದು ಮಗಳು ಕೊಟ್ಟ ಹಣ. ಇದನ್ನೆಲ್ಲ ಪೋಸ್ಟ್ ಹಾಕುವ ಮೊದಲು ಅವರನ್ನೇ ಒಂದು ಮಾತು ಕೇಳಿ ತಿಳಿಯಬಹುದಿತ್ತಲ್ಲ ಎಂದು ದೆಹಲಿ ಹೈಕೋರ್ಟ್ ಮೊದಲ ವಿಚಾರಣೆಯಲ್ಲೇ ಪ್ರಶ್ನಿಸಿತು.

ವಕೀಲರ ನೋಟಿಸಿಗೆ ಪೋಸ್ಟ್ ಇಳಿಯಲಿಲ್ಲ. 5 ಕೋಟಿ ರೂಪಾಯಿ ಪರಿಹಾರ ಕೇಳಿ ಪುರಿ ದಾವೆ ಹೂಡಿದರು. 2021ರ ಜುಲೈ 13ರಂದು, ಅಂದರೆ ಮೊದಲ ಪೋಸ್ಟ್ ಬಂದ ಸುಮಾರು ಒಂದು ತಿಂಗಳಿಗೆ, 24 ಗಂಟೆಯೊಳಗೆ ಅವನ್ನು ಅಳಿಸಬೇಕು, ಇಲ್ಲವಾದರೆ ಟ್ವಿಟರ್ ಸಂಸ್ಥೆಯೇ ತೆಗೆಯಬೇಕು ಎಂದು ನ್ಯಾಯಮೂರ್ತಿ ಸಿ. ಹರಿಶಂಕರ್ ಆದೇಶಿಸಿದರು. ಪರಿಹಾರದ ತೀರ್ಪು ಬಂದದ್ದು ಮೂರು ವರ್ಷದ ನಂತರ, 2024ರ ಜುಲೈ 1ರಂದು. ಗೋಖಲೆ ಅಷ್ಟರಲ್ಲಿ ವಿಚಾರಣೆಗೆ ಬರುವುದನ್ನೇ ನಿಲ್ಲಿಸಿದ್ದರಿಂದ ಅದು ಏಕಪಕ್ಷೀಯ ತೀರ್ಪು: 50 ಲಕ್ಷ ರೂಪಾಯಿ ಪರಿಹಾರ, ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ ಮತ್ತು ಅದೇ ಟ್ವಿಟರ್ ಖಾತೆಯಲ್ಲಿ ಕ್ಷಮಾಪಣೆ, ಖಾತೆಯಲ್ಲಿ ಆ ಕ್ಷಮೆ ಆರು ತಿಂಗಳು ಉಳಿಯಬೇಕು. ಹಣ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ, ಆ ಹೊತ್ತಿಗೆ ರಾಜ್ಯಸಭಾ ಸದಸ್ಯರಾಗಿದ್ದ ಗೋಖಲೆ ಅವರ ವೇತನ ಜಪ್ತಿಗೆ ಕೋರ್ಟ್ ಆದೇಶಿಸಿತು. ತೀರ್ಪನ್ನು ಹಿಂಪಡೆಯಬೇಕೆಂಬ ಅವರ ಅರ್ಜಿ ಮೇ ತಿಂಗಳಲ್ಲಿ ವಜಾ ಆಯಿತು. ಕ್ಷಮಾಪಣೆ ಖಾತೆಯಲ್ಲಿ ಕಾಣಿಸಿಕೊಂಡಾಗ 2025ರ ಜೂನ್. ಹೇಳಿದ್ದು ತಪ್ಪು, ಪರಿಶೀಲಿಸದೆ ಹೇಳಿದ್ದು ಎಂಬ ಒಪ್ಪಿಗೆ ಅದರಲ್ಲಿತ್ತು.

ಒಂದೇ ಪ್ರಕರಣದಲ್ಲಿ ಮೂರು ಬೇಡಿಕೆಗಳ ವೇಗ ಎಷ್ಟು ಬೇರೆ ನೋಡಿ. ಅಳಿಸುವುದಕ್ಕೆ ಒಂದು ತಿಂಗಳು, ಹಣದ ತೀರ್ಪಿಗೆ ಮೂರು ವರ್ಷ, ಕ್ಷಮೆಗೆ ನಾಲ್ಕು ವರ್ಷ. ಇದನ್ನು ಎಲ್ಲರಿಗಿಂತ ಮೊದಲು ಗಮನಿಸಬೇಕಾದವರು ನೋಟಿಸ್ ಬರೆಯುವ ವಕೀಲರು. ಆದರೆ ನಮ್ಮಲ್ಲಿ ಓಡಾಡುವ ಬಹುಪಾಲು ಮಾನಹಾನಿ ನೋಟಿಸುಗಳು ಮೂರನ್ನೂ ಒಂದೇ ಉಸಿರಿನಲ್ಲಿ, ಒಂದೇ ಗಡುವಿನಲ್ಲಿ ಕೇಳುತ್ತವೆ.

ಕರ್ನಾಟಕದವರಿಗೆ ನೆನಪಿರುವ ಉದಾಹರಣೆ 2023ರ ಫೆಬ್ರುವರಿಯದು. ಐಪಿಎಸ್ ಅಧಿಕಾರಿ ಡಿ. ರೂಪಾ ಅವರ ಫೇಸ್‌ಬುಕ್ ಪೋಸ್ಟ್‌ಗಳ ವಿರುದ್ಧ ಐಎಎಸ್ ಅಧಿಕಾರಿ ರೋಹಿಣಿ ಸಿಂಧೂರಿ ಕಳಿಸಿದ ನೋಟಿಸಿನಲ್ಲಿ ಲಿಖಿತ ಬೇಷರತ್ ಕ್ಷಮೆಯ ಜೊತೆಗೆ 1 ಕೋಟಿ ರೂಪಾಯಿ ಪರಿಹಾರದ ಬೇಡಿಕೆ ಇತ್ತು. ರೂಪಾ ಮಣಿಯಲಿಲ್ಲ. ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ತಾತ್ಕಾಲಿಕ ತಡೆಯಾಜ್ಞೆ ಕೆಲವೇ ದಿನಗಳಲ್ಲಿ ಬಂತು. ಕ್ರಿಮಿನಲ್ ಮಾನಹಾನಿ ದೂರು ಮಾತ್ರ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿನ ನ್ಯಾಯಪೀಠ ಡಿಸೆಂಬರ್‌ನಲ್ಲಿ ಮೊದಲು ಹೇಳಿದ್ದು ಪೋಸ್ಟ್ ಅಳಿಸಿ, ಕೂತು ಮಾತಾಡಿ ಎಂದು. ಅಲ್ಲಿ ಯಾರ ಮಾತು ಸತ್ಯ ಎಂಬುದು ಇಲ್ಲಿ ಮುಖ್ಯವಲ್ಲ. ಇಬ್ಬರು ಹಿರಿಯ ಅಧಿಕಾರಿಗಳ ಜಗಳದಲ್ಲೂ ಬೇಗ ಸಿಕ್ಕದ್ದು ತಡೆ ಮತ್ತು ಅಳಿಸುವಿಕೆ, ಸಿಗದೇ ಉಳಿದದ್ದು ಉಳಿದೆರಡು.

ಈಗ ಸಾಮಾನ್ಯರ ಅಳತೆಗೆ ಇಳಿಯೋಣ. ಹಾಸನದ ಕಡೆಯ ಒಬ್ಬ ಅಡುಗೆ ಕಾಂಟ್ರ್ಯಾಕ್ಟರ್ ಎಂದು ಊಹಿಸಿಕೊಳ್ಳಿ. ‘ಇವರು ಬಡಿಸಿದ ಮದುವೆ ಊಟದಿಂದ 40 ಜನ ಆಸ್ಪತ್ರೆ ಸೇರಿದರು’ ಎಂದು ಯಾರೋ ಫೇಸ್‌ಬುಕ್‌ನಲ್ಲಿ ಬರೆದರು. ಆ ಮದುವೆಗೆ ಅಡುಗೆ ಮಾಡಿದ್ದೇ ಬೇರೆಯವರು. ಎರಡು ದಿನದಲ್ಲಿ ಎರಡು ಬುಕಿಂಗ್ ರದ್ದಾದವು.

ಸಿಟ್ಟಿನಲ್ಲಿ ಮಾಡುವ ಮೊದಲ ಕೆಲಸ ‘ಈಗಲೇ ಡಿಲೀಟ್ ಮಾಡು’ ಎಂದು ಫೋನ್ ಮಾಡುವುದು. ಅದು ಎರಡನೆಯ ಕೆಲಸವಾಗಬೇಕು. ಪೋಸ್ಟ್ ಹೋದರೆ ಸಾಕ್ಷ್ಯವೂ ಹೋಗುತ್ತದೆ. ಪೋಸ್ಟಿನ ಪೂರ್ತಿ ಲಿಂಕ್, ದಿನಾಂಕ, ಸಮಯ, ಖಾತೆಯ ಹೆಸರು, ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬ ಸಂಖ್ಯೆ, ಕೆಳಗಿನ ಕಾಮೆಂಟುಗಳು, ಇಷ್ಟೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಬೇಕು. ಅದನ್ನು ಕೋರ್ಟಿನಲ್ಲಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಪ್ರಮಾಣಪತ್ರ ಬೇಕಾಗುತ್ತದೆ, ಹಾಗಾಗಿ ಯಾವ ಫೋನಿನಲ್ಲಿ, ಯಾರು, ಯಾವಾಗ ತೆಗೆದರು ಎಂಬುದನ್ನು ಆಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ರದ್ದು ಮಾಡಿದ ಗಿರಾಕಿಗಳ ವಾಟ್ಸ್ಯಾಪ್ ಸಂದೇಶಗಳನ್ನು ಮರೆಯಬಾರದು. ಹಣದ ಬೇಡಿಕೆ ನಿಲ್ಲುವುದು ಅವುಗಳ ಮೇಲೆ.

ನೋಟಿಸಿನಲ್ಲಿ ‘ನಮ್ಮ ಕಕ್ಷಿದಾರರ ಮಾನ ಹರಾಜು ಹಾಕಿದ್ದೀರಿ’ ಎಂಬ ಗುಡುಗಿಗಿಂತ, ಸುಳ್ಳಾದ ಆ ವಾಕ್ಯವನ್ನು ಇದ್ದ ಹಾಗೆಯೇ ಎತ್ತಿ ಬರೆದು, ಅದು ಏಕೆ ಸುಳ್ಳು ಎಂದು ಎರಡು ಸಾಲಿನಲ್ಲಿ ಹೇಳುವುದು ಹೆಚ್ಚು ಕೆಲಸ ಮಾಡುತ್ತದೆ. ‘ಇವರ ಸಾಂಬಾರು ಚೆನ್ನಾಗಿಲ್ಲ’ ಎಂಬುದು ಅಭಿಪ್ರಾಯ, ಅದರ ಮೇಲೆ ನೋಟಿಸ್ ಕಳಿಸಿದರೆ ನಗೆಪಾಟಲು. ‘40 ಜನ ಆಸ್ಪತ್ರೆಗೆ’ ಎಂಬುದು ಪರೀಕ್ಷಿಸಬಹುದಾದ ಸಂಗತಿ, ಸತ್ಯ ಅಥವಾ ಸುಳ್ಳು ಎರಡರಲ್ಲೊಂದು. ಎರಡನ್ನೂ ಒಂದೇ ನೋಟಿಸಿಗೆ ತುಂಬಿದರೆ ಉತ್ತರಿಸುವವರು ಮೊದಲನೆಯದನ್ನೇ ಹಿಡಿದು ವಾಕ್ ಸ್ವಾತಂತ್ರ್ಯದ ಮಾತು ಶುರು ಮಾಡುತ್ತಾರೆ.

ಗಡುವುಗಳು ಬೇರೆ ಬೇರೆ ಇರಲಿ. ಅಳಿಸಲು 24 ಅಥವಾ 48 ಗಂಟೆ ಸಾಕು, ಏಕೆಂದರೆ ಅದು ಒಂದು ಬೆರಳಿನ ಕೆಲಸ, ಅಳಿಸಿದ ಮಾತ್ರಕ್ಕೆ ತಪ್ಪೊಪ್ಪಿದಂತೆಯೂ ಅಲ್ಲ. ಕ್ಷಮೆಗೆ ಒಂದು ವಾರವಾದರೂ ಬೇಕು, ಎದುರಿನವರು ತಮ್ಮ ವಕೀಲರನ್ನು ಕಾಣಬೇಕಲ್ಲ. ಫೇಸ್‌ಬುಕ್‌ನಂಥ ಕಂಪನಿಗೆ ನೇರವಾಗಿ ಬರೆದು ತೆಗೆಸೋಣ ಎಂದರೆ ಅದು ಅಷ್ಟು ಸುಲಭವಲ್ಲ. ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಕೋರ್ಟಿನ ಅಥವಾ ಸರ್ಕಾರದ ಆದೇಶ ಬಂದರಷ್ಟೇ ತೆಗೆಯುವ ಹೊಣೆ ಅವರ ಮೇಲೆ ಬೀಳುತ್ತದೆ. ಕೋರ್ಟು ಕೂಡ ಕೇಳಿದ ತಕ್ಷಣ ಆದೇಶ ಕೊಡಬೇಕೆಂದಿಲ್ಲ. ಝೀ ಸಂಸ್ಥೆಯ ಕುರಿತ ಬ್ಲೂಮ್‌ಬರ್ಗ್ ವರದಿಯನ್ನು ತೆಗೆಯಲು ಕೆಳ ಕೋರ್ಟ್ ಕೊಟ್ಟ ಆದೇಶವನ್ನು 2024ರ ಮಾರ್ಚ್‌ನಲ್ಲಿ ರದ್ದು ಮಾಡಿದ ಸುಪ್ರೀಂ ಕೋರ್ಟ್, ಬರಹದಲ್ಲಿರುವುದು ಸುಳ್ಳು ಎಂದು ಮೇಲುನೋಟಕ್ಕಾದರೂ ಕಾಣದೆ ವಿಚಾರಣೆಗೆ ಮೊದಲೇ ಬಾಯಿ ಮುಚ್ಚಿಸಬಾರದು ಎಂದು ಎಚ್ಚರಿಸಿತು. ನಮ್ಮ ಕಾಂಟ್ರ್ಯಾಕ್ಟರ್ ಬಳಿ ಆ ದಿನ ತಾನು ಬೇರೆ ಊರಿನ ಗೃಹಪ್ರವೇಶದಲ್ಲಿ ಅಡುಗೆ ಮಾಡುತ್ತಿದ್ದ ಬಿಲ್ ಇದ್ದರೆ ಕೆಲಸ ಹಗುರ.

ಕ್ಷಮೆಯ ವಿಷಯಕ್ಕೆ ಬಂದರೆ, ಹೆಚ್ಚು ಎಡವುವುದು ಇಲ್ಲೇ. ‘ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ’ ಎಂಬ ಸಾಲು ಕ್ಷಮೆಯೇ ಅಲ್ಲ. ಪೋಸ್ಟ್ ತಪ್ಪೆಂದು ಅದು ಎಲ್ಲೂ ಹೇಳುವುದಿಲ್ಲ, ಓದಿದವರ ಮನಸ್ಸಿನಲ್ಲಿ 40 ಜನ ಆಸ್ಪತ್ರೆಯಲ್ಲೇ ಮಲಗಿರುತ್ತಾರೆ. ಯಾವ ದಿನದ ಪೋಸ್ಟ್, ಅದರಲ್ಲಿನ ಯಾವ ಮಾತು ಸುಳ್ಳು, ಅದನ್ನು ಹಿಂಪಡೆದಿದ್ದೇನೆ ಎಂಬ ಮೂರು ಸಂಗತಿ ಇದ್ದರೆ ಸಾಕು. ಅದೇ ಖಾತೆಯಲ್ಲಿ, ಎಲ್ಲರಿಗೂ ಕಾಣುವಂತೆ, ಒಂದು ತಿಂಗಳು ಪುಟದ ಮೇಲ್ತುದಿಯಲ್ಲಿ ಪಿನ್ ಆಗಿರಬೇಕು. ಇದರ ಕರಡನ್ನು ನೋಟಿಸಿನ ಜೊತೆಗೇ ಲಗತ್ತಿಸುವ ಜಾಣ ವಕೀಲರಿದ್ದಾರೆ. ಗೋಖಲೆ ಪ್ರಕರಣದಲ್ಲಿ ಕೋರ್ಟೇ ಕ್ಷಮೆಯ ಒಕ್ಕಣೆ ಕೊಟ್ಟಿತು.

ಬರೆದವರು ಕ್ಷಮೆಗೆ ಹಿಂಜರಿಯುವುದು ಬರೀ ಅಹಂಕಾರದಿಂದಲ್ಲ. ಮಾನಹಾನಿ ನಮ್ಮಲ್ಲಿ ಇಂದಿಗೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಎರಡು ವರ್ಷದವರೆಗೆ ಸಜೆ ಆಗಬಹುದು. ಇಂದು ಸಹಿ ಹಾಕಿದ ಕ್ಷಮಾಪಣೆ ನಾಳೆ ಕ್ರಿಮಿನಲ್ ದೂರಿನಲ್ಲಿ ತಪ್ಪೊಪ್ಪಿಗೆಯಾಗಿ ತಿರುಗಿ ಬಂದರೆ? ತಮಿಳುನಾಡಿನ ನಟ, ಮಾಜಿ ಶಾಸಕ ಎಸ್.ವಿ. ಶೇಖರ್ 2018ರಲ್ಲಿ ಪತ್ರಕರ್ತೆಯರ ಬಗ್ಗೆ ಹಂಚಿಕೊಂಡ ಕೀಳು ಪೋಸ್ಟನ್ನು ಬೇಗನೆ ಅಳಿಸಿ ಕ್ಷಮೆ ಕೇಳಿದ್ದರೂ, ಕ್ರಿಮಿನಲ್ ಪ್ರಕರಣ ರದ್ದುಪಡಿಸಲು ಮದ್ರಾಸ್ ಹೈಕೋರ್ಟ್ 2023ರಲ್ಲಿ ಒಪ್ಪಲಿಲ್ಲ, ಸುಪ್ರೀಂ ಕೋರ್ಟೂ ಕೈಹಾಕಲಿಲ್ಲ. ಆದ್ದರಿಂದ ಕ್ಷಮೆ ಬೇಕೆನ್ನುವವರು ಅದಕ್ಕೆ ಬದಲಾಗಿ ಏನು ಬಿಡುತ್ತೇವೆ ಎಂದೂ ಹೇಳಬೇಕು. ಈ ಒಕ್ಕಣೆಯಂತೆ ಕ್ಷಮೆ ಪ್ರಕಟವಾದರೆ ಸಿವಿಲ್ ದಾವೆಯನ್ನೂ ಕ್ರಿಮಿನಲ್ ದೂರನ್ನೂ ಹೂಡುವುದಿಲ್ಲ ಎಂಬ ಒಂದು ಸಾಲು ಎಷ್ಟೋ ಬೆದರಿಕೆಗಳು ಮಾಡಲಾಗದ್ದನ್ನು ಮಾಡುತ್ತದೆ. 2018ರಲ್ಲಿ ಅರವಿಂದ ಕೇಜ್ರಿವಾಲ್ ಒಬ್ಬೊಬ್ಬರಿಗೇ ಪತ್ರ ಬರೆದು ಕ್ಷಮೆ ಕೇಳಿದಾಗ ಅರುಣ್ ಜೇಟ್ಲಿ ತಮ್ಮ 10 ಕೋಟಿ ರೂಪಾಯಿ ದಾವೆಯನ್ನೇ ಕೈಬಿಟ್ಟರು.

ಹಾಗಾದರೆ ಹಣ ಕೇಳಲೇಬಾರದೆ? ಕೇಳಬಹುದು, ಆದರೆ ಲೆಕ್ಕವಿರಲಿ. ಕಾಂಟ್ರ್ಯಾಕ್ಟರ್ ಕಳೆದುಕೊಂಡ ಎರಡು ಬುಕಿಂಗ್‌ಗಳಿಂದ ಉಳಿಯಬೇಕಿದ್ದ ಲಾಭ 80 ಸಾವಿರ ಎಂದಿಟ್ಟುಕೊಳ್ಳಿ. ಅದರ ಮೇಲೆ ವಕೀಲರ ಖರ್ಚು, ಹೆಸರು ಕೆಟ್ಟದ್ದಕ್ಕೆ ಒಂದು ಮೊತ್ತ ಸೇರಿಸಿ 2 ಲಕ್ಷ ಕೇಳಿದರೆ ಎದುರಿನವರು ಕೂತು ಯೋಚಿಸುತ್ತಾರೆ. 1 ಕೋಟಿ ಎಂದರೆ ನೋಟಿಸನ್ನೇ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕುತ್ತಾರೆ, ಸತ್ತ ಸುದ್ದಿಗೆ ಮತ್ತೆ ಜೀವ ಬರುತ್ತದೆ. ಕೋರ್ಟಿಗೆ ಹೋದರೂ ಕೇಳಿದ ಮೊತ್ತ ಏರಿದಷ್ಟೂ ಕಟ್ಟಬೇಕಾದ ಕೋರ್ಟ್ ಫೀ ಏರುತ್ತದೆ. ಗೆದ್ದ ಮೇಲೂ ಡಿಕ್ರಿಯ ಕಾಗದ ಹಣವಲ್ಲ. ಸಂಬಳ ಜಪ್ತಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಮಿತಿ ಹಾಕಿದೆ: ಮೊದಲ ಸಾವಿರ ರೂಪಾಯಿ ಬಿಟ್ಟು ಉಳಿದದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಸಿಗುತ್ತದೆ. ಹೀಗಾಗಿ ಮೊತ್ತವನ್ನು ಚೌಕಾಸಿಗೆಂದು ಇಟ್ಟುಕೊಂಡು, ಸ್ಪಷ್ಟ ಕ್ಷಮೆ ವಾರದೊಳಗೆ ಬಂದರೆ ಆಗಿರುವ ನಷ್ಟಕ್ಕೆ ಮಾತ್ರ ಇಳಿಯುವುದು ಲೋಕಾರೂಢಿ.

ಈ ಮಾತುಕತೆಯ ನಡುವೆ ಒಂದು ಲೆಕ್ಕ ಸುಮ್ಮನೆ ಓಡುತ್ತಿರುತ್ತದೆ. ಮಾನಹಾನಿಯ ಸಿವಿಲ್ ದಾವೆಗೆ ಕಾಲಮಿತಿ ಪ್ರಕಟವಾದ ದಿನದಿಂದ ಕೇವಲ ಒಂದು ವರ್ಷ. ನೋಟಿಸ್ ಕಳಿಸಿದರೂ, ‘ಮುಂದಿನ ತಿಂಗಳು ಕೂತು ಮಾತಾಡೋಣ’ ಎಂಬ ಉತ್ತರ ಬಂದರೂ ಅದು ನಿಲ್ಲುವುದಿಲ್ಲ. ಖಾಸಗಿ ವ್ಯಕ್ತಿಯ ಮೇಲೆ ದಾವೆ ಹೂಡಲು ನೋಟಿಸ್ ಕಡ್ಡಾಯವೂ ಅಲ್ಲ. ಹತ್ತನೇ ತಿಂಗಳಿಗೂ ರಾಜಿ ಪತ್ರಕ್ಕೆ ಸಹಿ ಬೀಳದಿದ್ದರೆ ಕಾಂಟ್ರ್ಯಾಕ್ಟರ್ ದಾವೆ ಹೂಡಿ, ರಾಜಿಯ ಮಾತನ್ನು ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಮುಂದುವರಿಸಬಹುದು.