ಹುದ್ದೆಯ ಹೆಸರು ದೊಡ್ಡದಾಯಿತು, ಸಂಬಳ ಇದ್ದಷ್ಟೇ: ಪತ್ರಕ್ಕೆ ಸಹಿ ಹಾಕುವ ಮುನ್ನ

ಸಂಬಳ ಮತ್ತು ಗ್ರೇಡನ್ನು ಇದ್ದಲ್ಲೇ ಇಟ್ಟು ಹುದ್ದೆಯ ಹೆಸರನ್ನಷ್ಟೇ ಬದಲಿಸುವ ಪತ್ರಕ್ಕೆ ಕಂಪನಿಗಳಲ್ಲಿ ‘ರೀಡೆಸಿಗ್ನೇಷನ್ ಲೆಟರ್’ ಎನ್ನುತ್ತಾರೆ. ನೋಡಲು ಅದು ಬಡ್ತಿ ಪತ್ರದಂತೆಯೇ ಇರುತ್ತದೆ. ಅದೇ ಲೆಟರ್‌ಹೆಡ್, ಮೊದಲ ಸಾಲಿನಲ್ಲಿ ಅದೇ ಅಭಿನಂದನೆ. ವ್ಯತ್ಯಾಸ ಗೊತ್ತಾಗುವುದು ಮೂರನೆಯದೋ ನಾಲ್ಕನೆಯದೋ ಪ್ಯಾರಾದಲ್ಲಿ: ‘ನಿಮ್ಮ ಗ್ರೇಡ್ ಮತ್ತು ವೇತನದಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ.’

ಹೀಗೆ ಮಾಡುವ ಕಂಪನಿಗಳೆಲ್ಲ ಮೋಸ ಮಾಡುತ್ತವೆ ಎಂದೇನೂ ಅಲ್ಲ. ಒಂದು ಗ್ರೇಡ್ ಎಂದರೆ ಸಂಬಳದ ಕನಿಷ್ಠ ಮತ್ತು ಗರಿಷ್ಠ ಮಿತಿ. ಆ ಮಿತಿಯೊಳಗೆ ನಾಲ್ಕಾರು ಹುದ್ದೆಗಳು ಇರಬಹುದು. ಹೆಸರು ಬದಲಿಸಲು ವಿಭಾಗದ ಮುಖ್ಯಸ್ಥರೂ ಎಚ್‌ಆರ್‌ನವರೂ ಒಪ್ಪಿದರೆ ಸಾಮಾನ್ಯವಾಗಿ ಸಾಕು. ಗ್ರೇಡ್ ಏರಿಸುವುದಕ್ಕೆ ಬಜೆಟ್ ಬೇಕು, ಮೇಲಿನವರ ಮಂಜೂರಾತಿ ಬೇಕು, ಮತ್ತು ಅದು ಬಹುತೇಕ ಕಡೆ ವರ್ಷಕ್ಕೊಮ್ಮೆ ನಡೆಯುವ ಕೆಲಸ. ನಡುವೆ ಯಾರಾದರೂ ಕೆಲಸ ಬಿಟ್ಟು ಹೋದರೆ ಅವರ ಹೊಣೆಯನ್ನು ಇನ್ನೊಬ್ಬರಿಗೆ ವಹಿಸಲೇಬೇಕು. ಆಡಿಟ್‌ಗೆ ಬಂದವರು ‘ಇದಕ್ಕೆ ಜವಾಬ್ದಾರರು ಯಾರು?’ ಎಂದಾಗ ತೋರಿಸಲು ಒಂದು ಹೆಸರೂ ಇರಬೇಕು. ಈ ಪತ್ರ ಹುಟ್ಟುವುದು ಆಗ.

ಆದರೆ ‘ವೇತನದಲ್ಲಿ ಬದಲಾವಣೆ ಇಲ್ಲ’ ಎಂಬ ಸಾಲನ್ನು ಓದಿ ‘ಲಾಭವಿಲ್ಲದಿದ್ದರೂ ನಷ್ಟವಿಲ್ಲ’ ಎಂದುಕೊಳ್ಳುವುದು ಸರಿಯಲ್ಲ. ನಷ್ಟ ಹೇಗಾಗುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಒಬ್ಬರು ಸ್ಟೋರ್‌ಕೀಪರ್ ಇದ್ದಾರೆ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 24,000 ರೂಪಾಯಿ. ಡಿಸ್ಪ್ಯಾಚ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟರು. ಆ ಕೆಲಸವೂ ಇಬ್ಬರು ಸಹಾಯಕರೂ ಇವರ ಪಾಲಿಗೆ ಬಂದು, ಹುದ್ದೆ ‘ಸ್ಟೋರ್ಸ್ ಅಂಡ್ ಡಿಸ್ಪ್ಯಾಚ್ ಇನ್‌ಚಾರ್ಜ್’ ಆಯಿತು. ಅಲ್ಲಿಯವರೆಗೆ ಇವರು ತಿಂಗಳಿಗೆ ಸುಮಾರು 20 ಗಂಟೆ ಓಟಿ ಮಾಡುತ್ತಿದ್ದರು. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದು ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 115 ರೂಪಾಯಿ. ಓಟಿಗೆ ಕಾನೂನಿನಂತೆ ಅದರ ಎರಡರಷ್ಟು. 20 ಗಂಟೆಗೆ ಹತ್ತಿರಹತ್ತಿರ 4,600 ರೂಪಾಯಿ. ಪತ್ರ ಬಂದ ಮುಂದಿನ ತಿಂಗಳು ಪೇಸ್ಲಿಪ್‌ನಲ್ಲಿ ಓಟಿಯ ಸಾಲೇ ಇಲ್ಲ. ಕೇಳಿದರೆ, ‘ಇನ್‌ಚಾರ್ಜ್‌ಗಳಿಗೆ ಓಟಿ ಇಲ್ಲ’ ಎಂಬ ಉತ್ತರ. ವೇತನ ಬದಲಾಗಲಿಲ್ಲ ನಿಜ, ಆದರೆ ಕೈಗೆ ಬರುತ್ತಿದ್ದ 28,600 ಈಗ 24,000ಕ್ಕೆ ಇಳಿಯಿತು. ಕೆಲಸ ಮಾತ್ರ ಮೊದಲಿಗಿಂತ ಹೆಚ್ಚು.

ಇದು ಸರಿಯೇ? ಕಾನೂನು ಇಲ್ಲಿ ಹುದ್ದೆಯ ಹೆಸರನ್ನು ನೋಡುವುದಿಲ್ಲ, ಮಾಡುವ ಕೆಲಸವನ್ನು ನೋಡುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ಮೇಲ್ವಿಚಾರಣೆಯ ಕೆಲಸ ಮಾಡುತ್ತಾ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ‘ಕಾರ್ಮಿಕ’ ಎಂಬ ವ್ಯಾಖ್ಯೆಯಿಂದ ಹೊರಗೆ. ಮುಖ್ಯವಾಗಿ ಆಡಳಿತದ ಅಥವಾ ಮ್ಯಾನೇಜರ್ ಮಟ್ಟದ ಕೆಲಸ ಮಾಡುವವರು ವೇತನ ಎಷ್ಟೇ ಇದ್ದರೂ ಹೊರಗೆ. ಒಬ್ಬರ ಮುಖ್ಯ ಕೆಲಸ ಯಾವುದು ಎಂಬುದೇ ಇಲ್ಲಿ ಪ್ರಶ್ನೆ. 1994ರಲ್ಲಿ ಎಸ್. ಕೆ. ಮೈನಿ ಮತ್ತು ಕರೋನಾ ಸಾಹು ಕಂಪನಿಯ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಕಾಯ್ದೆಯಡಿ ಇದೇ ಪ್ರಶ್ನೆಯನ್ನು ಎತ್ತಿಕೊಂಡಿತ್ತು. ಅಂಗಡಿಯೊಂದರ ಮ್ಯಾನೇಜರ್ ಆಗಿದ್ದವರು ತಾವು ಕಾರ್ಮಿಕ ಎಂದು ವಾದಿಸಿದ್ದರು. ಹುದ್ದೆಯ ಹೆಸರಿಗೆ ಹೆಚ್ಚಿನ ಬೆಲೆಯಿಲ್ಲ, ಮುಖ್ಯ ಕರ್ತವ್ಯ ಏನೆಂಬುದೇ ನಿರ್ಣಾಯಕ ಎಂದ ಕೋರ್ಟ್, ಅವರ ಕರ್ತವ್ಯಗಳನ್ನು ಪರಿಶೀಲಿಸಿ ಅವರು ಕಾರ್ಮಿಕರಲ್ಲ ಎಂದು ತೀರ್ಮಾನಿಸಿತು.

ಹಾಗಾಗಿ ಪತ್ರದಲ್ಲಿ ದಪ್ಪಕ್ಷರದಲ್ಲಿರುವ ಹುದ್ದೆಗಿಂತ ಹಿಂದೆ ಪಿನ್ ಮಾಡಿದ ಹಾಳೆ ಮುಖ್ಯ. ‘ಅನುಬಂಧ: ಜವಾಬ್ದಾರಿಗಳು’ ಎಂಬ ಆ ಪಟ್ಟಿ ನಾಳೆ ತಕರಾರು ಎದ್ದರೆ ಮೊದಲು ಹೊರಗೆ ಬರುವ ದಾಖಲೆ. ನಮ್ಮ ಸ್ಟೋರ್‌ಕೀಪರ್ ದಿನದ ಬಹುಪಾಲು ಸಮಯ ಮಾಲು ಎಣಿಸುತ್ತಾ, ಜಿಆರ್‌ಎನ್ ಬರೆಯುತ್ತಾ, ಲಾರಿಗೆ ಲೋಡ್ ಮಾಡಿಸುತ್ತಾ ಇರುತ್ತಾರೆ. ಸಹಾಯಕರಿಗೆ ಬೆಳಿಗ್ಗೆ ಕೆಲಸ ಹಂಚುವುದಕ್ಕೆ ಕಾಲು ಗಂಟೆ ಹಿಡಿಯುತ್ತದೆ. ಹಾಗಿದ್ದೂ ಅನುಬಂಧದಲ್ಲಿ ‘ಸಿಬ್ಬಂದಿಯ ರಜೆ ಮಂಜೂರು ಮಾಡುವುದು, ಕಾರ್ಯಕ್ಷಮತೆ ಅಳೆಯುವುದು, ಶಿಸ್ತುಕ್ರಮಕ್ಕೆ ಶಿಫಾರಸು ಮಾಡುವುದು’ ಎಂದಿದ್ದರೆ, ಕಾಗದದ ಮೇಲೆ ಅವರು ಮೇಲ್ವಿಚಾರಕರಾದಂತೆ. ಆ ಅಧಿಕಾರ ನಿಜಕ್ಕೂ ಕೊಡುತ್ತಾರೆಯೇ ಎಂದು ಕೇಳಬೇಕು. ಕೊಡುವುದಿಲ್ಲವಾದರೆ ಆ ಸಾಲುಗಳನ್ನು ತೆಗೆಸಬೇಕು. ಕೊಡುತ್ತಾರಾದರೆ ಓಟಿಯ ಬದಲಿಗೆ ಏನು ಎಂದು ಕೇಳುವ ಹೊತ್ತು ಅದೇ.

ಪತ್ರದಲ್ಲಿ ಎಚ್ಚರಿಕೆಯಿಂದ ಓದಬೇಕಾದ ಸಾಲುಗಳು ಇನ್ನೂ ಎರಡಿವೆ. ಒಂದು, ‘ಹೊಸ ಹುದ್ದೆಗೆ ಅನ್ವಯವಾಗುವ ನಿಯಮಗಳು ನಿಮಗೆ ಅನ್ವಯಿಸುತ್ತವೆ.’ ಕಂಪನಿಯ ಪಾಲಿಸಿಯಲ್ಲಿ ಇನ್‌ಚಾರ್ಜ್‌ಗಳ ನೋಟಿಸ್ ಅವಧಿ 90 ದಿನ ಎಂದಿದ್ದರೆ, ನಿಮ್ಮ 30 ದಿನ ಈ ಒಂದು ಸಾಲಿನಿಂದ 90 ಆಗಬಹುದು. ಇಲ್ಲಿರಬೇಕಾದದ್ದು ‘ನೇಮಕಾತಿ ಪತ್ರದ ಉಳಿದ ಎಲ್ಲ ಷರತ್ತುಗಳು ಹಾಗೆಯೇ ಮುಂದುವರಿಯುತ್ತವೆ’ ಎಂಬ ಮಾತು. ಇನ್ನೊಂದು, ‘ಸೂಕ್ತ ಸಮಯದಲ್ಲಿ ವೇತನ ಪರಿಷ್ಕರಣೆ ಪರಿಶೀಲಿಸಲಾಗುವುದು.’ ತಾರೀಖಿಲ್ಲದ ಈ ಭರವಸೆಯನ್ನು ಹಿಡಿದು ಏನನ್ನೂ ಕೇಳಲಾಗದು. ಸಂಬಳ ಏರಿಸಲು ಈಗ ಆಗದಿದ್ದರೂ ‘ಆರು ತಿಂಗಳ ನಂತರ ಗ್ರೇಡ್ ಮತ್ತು ವೇತನದ ಪರಿಶೀಲನೆ’ ಎಂದು ತಿಂಗಳು, ವರ್ಷ ಸಮೇತ ಬರೆಸಿಕೊಳ್ಳಲು ಕೇಳಬಹುದು. ಕಂಪನಿಗೆ ಅದರಿಂದ ತಕ್ಷಣದ ಖರ್ಚಿಲ್ಲವಾದ್ದರಿಂದ ಒಪ್ಪುವುದೂ ಸುಲಭ. ಹಾಗೆಯೇ, ಇದು ಹೊಸ ನೇಮಕಾತಿ ಪತ್ರದ ರೂಪದಲ್ಲಿ, ಹೊಸ ಪ್ರೊಬೇಷನ್ ಸಮೇತ ಬಂದರೆ ಒಪ್ಪಬಾರದು. ಮೊದಲು ಸೇರಿದ ತಾರೀಖು ಉಳಿದರೆ ಗ್ರಾಚ್ಯುಟಿಗೆ ಬೇಕಾದ ಸೇವಾವಧಿಯ ಬಗ್ಗೆ ತಕರಾರು ಹುಟ್ಟುವುದಿಲ್ಲ.

ಪತ್ರ ಕೈಗಿಟ್ಟಾಗ ಪ್ರತಿಯ ಮೇಲೆ ‘ಪತ್ರ ತಲುಪಿದೆ’ ಎಂದಷ್ಟೇ ಬರೆದು, ತಾರೀಖು ಹಾಕಿ ಸಹಿ ಮಾಡಬಹುದು. ಒಪ್ಪಿಗೆಯ ಸಹಿಗೆ ಒಂದೆರಡು ದಿನ ಸಮಯ ಕೇಳುವುದರಲ್ಲಿ ತಪ್ಪೇನಿಲ್ಲ. ಆ ನಡುವೆ ಎಚ್‌ಆರ್‌ಗೆ ಒಂದು ಮೇಲ್ ಕಳಿಸಿದರೆ ಎಲ್ಲವೂ ದಾಖಲೆಯಾಗುತ್ತದೆ. ನಮ್ಮ ಸ್ಟೋರ್‌ಕೀಪರ್ ಬರೆಯಬಹುದಾದ ಮೇಲ್ ಹೀಗಿರುತ್ತದೆ:

“ಸರ್, ಹೊಸ ಜವಾಬ್ದಾರಿ ವಹಿಸಿದ್ದಕ್ಕೆ ಧನ್ಯವಾದಗಳು. ಒಪ್ಪಿಗೆ ಕೊಡುವ ಮುನ್ನ ಮೂರು ವಿಷಯ ತಿಳಿಸಬೇಕೆಂದು ಕೋರುತ್ತೇನೆ. ನನಗೆ ಈಗ ಸಿಗುತ್ತಿರುವ ಓಟಿ ಮುಂದುವರಿಯುತ್ತದೆಯೇ? ನೋಟಿಸ್ ಅವಧಿ ಮೊದಲಿನಂತೆ 30 ದಿನವೇ? ಗ್ರೇಡ್ ಮತ್ತು ವೇತನದ ಪರಿಶೀಲನೆ ಯಾವ ತಿಂಗಳಲ್ಲಿ ಆಗುತ್ತದೆ? ಅನುಬಂಧದಲ್ಲಿರುವ ರಜೆ ಮಂಜೂರಾತಿಯ ಅಧಿಕಾರ ಸದ್ಯ ನನಗಿಲ್ಲವಾದ್ದರಿಂದ ಆ ಸಾಲನ್ನು ಕೈಬಿಡಬೇಕಾಗಿ ವಿನಂತಿ.”

ಇಷ್ಟಾದ ಮೇಲೂ ಹೊಸ ಹೆಸರಿನಿಂದ ಸಿಗುವ ನಿಜವಾದ ಲಾಭ ಒಂದಿದೆ: ಮುಂದಿನ ಕೆಲಸ ಹುಡುಕುವಾಗ ಅನುಭವಕ್ಕೆ ಪುರಾವೆ. ಅದು ದಕ್ಕಬೇಕಾದರೆ ಪತ್ರದಲ್ಲಿ ಜಾರಿಗೆ ಬರುವ ತಾರೀಖು ಇರಬೇಕು, ಮತ್ತು ಕಂಪನಿಯ ಕಂಪ್ಯೂಟರ್ ದಾಖಲೆಯಲ್ಲೂ ಹುದ್ದೆ ಬದಲಾಗಬೇಕು. ಎಷ್ಟೋ ಸಲ ಪತ್ರ ಕೊಟ್ಟು ದಾಖಲೆ ತಿದ್ದುವುದನ್ನು ಮರೆತಿರುತ್ತಾರೆ. ಮುಂದೆ ಹೊಸ ಕಂಪನಿಯವರು ವಿಚಾರಿಸಿದಾಗ ಹಳೆಯ ಕಂಪನಿ ಹಳೆಯ ಹುದ್ದೆಯನ್ನೇ ಹೇಳುತ್ತದೆ. ಬಯೋಡೇಟಾದಲ್ಲಿ ನಿಜ ಬರೆದವರ ಮೇಲೇ ಅನುಮಾನ ಬೀಳುತ್ತದೆ. ಮುಂದಿನ ತಿಂಗಳ ಪೇಸ್ಲಿಪ್‌ನಲ್ಲಿ ಹುದ್ದೆಯ ಹೆಸರು, ಓಟಿ ಎರಡನ್ನೂ ನೋಡಿ. ಯಾವುದಾದರೂ ಒಂದು ತಪ್ಪಿದ್ದರೆ ಅದೇ ವಾರ ಲಿಖಿತವಾಗಿ ಕೇಳಿ. ಬಿಟ್ಟಷ್ಟು ತಿಂಗಳೂ ‘ನೀವೂ ಒಪ್ಪಿಕೊಂಡೇ ಇದ್ದಿರಲ್ಲ’ ಎಂಬ ಉತ್ತರಕ್ಕೆ ಬಲ ಬರುತ್ತದೆ.