ಕಾಯಂ ಆಯಿತು ಸರಿ, ಯಾವತ್ತಿನಿಂದ?

ಡಿಸೆಂಬರ್‌ನ ಒಂದು ಭಾನುವಾರ ಅಕ್ಕನ ಮಗಳು ಬೆಳಗ್ಗೆಯೇ ಮನೆಗೆ ಬಂದಳು. ಬಾಗಿಲಲ್ಲೇ ಫೋನ್ ಚಾಚಿ, ‘ಚಿಕ್ಕಮ್ಮ, ಪರ್ಮನೆಂಟ್ ಆಯ್ತು!’ ಎಂದಳು. ಪೀಣ್ಯದ ಒಂದು ಪ್ಯಾಕಿಂಗ್ ಸಾಮಾನಿನ ಕಂಪನಿಯಲ್ಲಿ ಅವಳು ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಜೂನ್ 2ಕ್ಕೆ ಸೇರಿದ್ದಳು, ಆರು ತಿಂಗಳು ಪ್ರೊಬೇಷನ್. ಇಂಥ ಪತ್ರಗಳನ್ನು ಬರೆಯುವುದು ಹಲವು ವರ್ಷ ನನ್ನ ಕೆಲಸವೇ ಆಗಿತ್ತು. ಹಾಗಾಗಿ ಕಾಫಿಗೆ ಇಟ್ಟು, ಕನ್ನಡಕ ಹಾಕಿಕೊಂಡು ಓದಲು ಕೂತೆ.

ಪತ್ರ ಎರಡು ಪುಟ. ಮೊದಲ ಪ್ಯಾರಾದಲ್ಲಿ ಅವಳ ಶ್ರದ್ಧೆಯ ಹೊಗಳಿಕೆ, ಎರಡನೆಯದರಲ್ಲಿ ಕಂಪನಿ ಒಂದು ಕುಟುಂಬ ಎಂಬ ಮಾತು. ಮೂರನೆಯದರಲ್ಲಿ ‘ನಿಮ್ಮ ಕೆಲಸ ತೃಪ್ತಿಕರವಾಗಿದೆ, ನಿಮ್ಮೊಂದಿಗೆ ದೀರ್ಘ ಪಯಣ ಬಯಸುತ್ತೇವೆ’ ಎಂದಿತ್ತು. ‘ಇದರಲ್ಲಿ ನೀನು ಕಾಯಂ ಆಗಿದ್ದೀಯ ಅಂತ ಎಲ್ಲಿ ಬರೆದಿದ್ದಾರೆ, ಬೆರಳಿಟ್ಟು ತೋರಿಸು’ ಎಂದೆ. ಎರಡು ಸಲ ಮೇಲೆ ಕೆಳಗೆ ಸರಿಸಿ ನೋಡಿದಳು. ತೋರಿಸಲು ಒಂದು ವಾಕ್ಯವೂ ಇರಲಿಲ್ಲ.

ಪ್ರೊಬೇಷನ್ ಮುಗಿದಾಗ ಕಂಪನಿಯ ಮುಂದಿರುವ ದಾರಿ ಮೂರೇ. ಕಾಯಂ ಮಾಡಬಹುದು, ಅವಧಿ ವಿಸ್ತರಿಸಬಹುದು, ಇಲ್ಲವೇ ಕೆಲಸದಿಂದ ಬಿಡಿಸಬಹುದು. ‘ಕೆಲಸ ತೃಪ್ತಿಕರ’ ಎನ್ನುವುದು ಈ ಮೂರರಲ್ಲಿ ಯಾವುದೂ ಅಲ್ಲ. ಅದು ತೀರ್ಮಾನಕ್ಕೆ ಕಾರಣವಾಗಬಹುದೇ ಹೊರತು ತೀರ್ಮಾನ ಆಗುವುದಿಲ್ಲ. ಓದುವವರು ಹುಡುಕುವ ಮಾತು ಮೊದಲ ಸಾಲಿನಲ್ಲೇ ಇರಬೇಕು. ನಾನಾಗಿದ್ದರೆ ಹೀಗೆ ಶುರುಮಾಡುತ್ತಿದ್ದೆ:

‘2025ರ ಜೂನ್ 2ರಂದು ಸೇರಿದ ನಿಮ್ಮ ಆರು ತಿಂಗಳ ಪ್ರೊಬೇಷನ್ ಅವಧಿ ಡಿಸೆಂಬರ್ 1ಕ್ಕೆ ಮುಗಿದಿದೆ. 2025ರ ಡಿಸೆಂಬರ್ 2ರಿಂದ ಅನ್ವಯವಾಗುವಂತೆ ನಿಮ್ಮನ್ನು ಅಕೌಂಟ್ಸ್ ಎಕ್ಸಿಕ್ಯುಟಿವ್ ಹುದ್ದೆಯಲ್ಲಿ ಕಾಯಂಗೊಳಿಸಲಾಗಿದೆ.’

ಇಷ್ಟಾದ ಮೇಲೆ ಹೊಗಳಿಕೆ ಎಷ್ಟು ಬೇಕಾದರೂ ಬರಲಿ. ಈ ಎರಡು ವಾಕ್ಯಗಳಲ್ಲಿ ಸೇರಿದ ದಿನ, ಪ್ರೊಬೇಷನ್ ಮುಗಿದ ದಿನ, ಕಾಯಂ ಆದ ದಿನ, ಹುದ್ದೆ ಎಲ್ಲವೂ ಇವೆ. ಅವಳ ಪತ್ರದಲ್ಲಿ ಇದ್ದ ತಾರೀಕು ಒಂದೇ, ಮೇಲಿನ ಮೂಲೆಯಲ್ಲಿ ಡಿಸೆಂಬರ್ 19. ಅದು ಪತ್ರ ಟೈಪಾದ ದಿನ. ರಜೆ ಲೆಕ್ಕ, ಹೊಸ ಸಂಬಳ, ನೋಟಿಸ್ ಪಿರಿಯಡ್ ಎಲ್ಲವೂ ಕಾಯಂ ಆದ ದಿನದಿಂದ ಓಡುತ್ತವೆ. ಆ ದಿನ ಬರೆಯದೇ ಹೋದರೆ 2ರಿಂದ 19ರವರೆಗಿನ ಹದಿನೇಳು ದಿನ ಯಾರ ಲೆಕ್ಕಕ್ಕೂ ಸೇರದೆ ಉಳಿಯುತ್ತವೆ.

ಎರಡನೇ ಪುಟದಲ್ಲಿ ಅವಳ ಸಂಭ್ರಮಕ್ಕೆ ಕಾರಣವಾದ ಸಾಲು ಇತ್ತು. ವರ್ಷದ ಸಿಟಿಸಿ 4,80,000 ಇದ್ದದ್ದು 5,28,000 ಆಗಿದೆ. ‘ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ ಚಿಕ್ಕಮ್ಮ’ ಎಂದಳು. ಪೇಪರ್ ಪೆನ್ನು ತರಿಸಿದೆ. ಲೆಕ್ಕದಲ್ಲಿ ಅವಳು ನನಗಿಂತ ಚುರುಕು, ಆದರೆ ತನ್ನದೇ ಸಂಬಳವನ್ನು ಯಾವತ್ತೂ ಬಿಡಿಸಿ ನೋಡಿರಲಿಲ್ಲ.

ಸಿಟಿಸಿ ಎಂದರೆ ನಿಮಗಾಗಿ ಕಂಪನಿ ಖರ್ಚು ಮಾಡುವ ಒಟ್ಟು ಮೊತ್ತ. ಅದೆಲ್ಲ ಕೈಗೆ ಬರುವುದಿಲ್ಲ. ಅವಳ ಕಂಪನಿಯಲ್ಲಿ ಅದರ ಅರ್ಧ ಬೇಸಿಕ್, ಪಿಎಫ್ ಕಟ್ಟುವುದು ಪೂರ್ತಿ ಬೇಸಿಕ್ ಮೇಲೆ. ಹಳೆಯ ಲೆಕ್ಕದಲ್ಲಿ ತಿಂಗಳಿಗೆ 40,000, ಬೇಸಿಕ್ 20,000. ಕಂಪನಿ ತನ್ನ ಪಾಲಿನ ಪಿಎಫ್ ಶೇಕಡ 12ರಂತೆ 2,400 ಮತ್ತು ಗ್ರಾಚುಟಿಗೆಂದು 962 ರೂಪಾಯಿಯನ್ನು ಈ ಮೊತ್ತದೊಳಗೇ ಸೇರಿಸಿತ್ತು. ಅವು ಕಳೆದರೆ 36,638. ಅದರಲ್ಲಿ ಅವಳ ಪಾಲಿನ ಪಿಎಫ್ 2,400, ವೃತ್ತಿ ತೆರಿಗೆ 200 ಹೋಗಿ ಕೈಗೆ ಬರುತ್ತಿದ್ದದ್ದು 34,038.

ಹೊಸ ಲೆಕ್ಕದಲ್ಲಿ 44,000, ಬೇಸಿಕ್ 22,000. ಕಂಪನಿಯ ಪಿಎಫ್ 2,640, ಗ್ರಾಚುಟಿ 1,058. ಇದರ ಜೊತೆಗೆ ಮೊದಲು ಇಲ್ಲದ ಒಂದು ಸಾಲು ಸೇರಿತ್ತು, ಆರೋಗ್ಯ ವಿಮೆಯ ಪ್ರೀಮಿಯಂ 1,000. ಕಾಯಂ ಆದವರಿಗೆ ಮಾತ್ರ ಆ ಸೌಲಭ್ಯ, ಅದರ ಹಣ ಸಿಟಿಸಿಯಿಂದಲೇ. ಇವಿಷ್ಟನ್ನು ಕಳೆದು, ಅವಳ ಪಿಎಫ್ 2,640 ಮತ್ತು ವೃತ್ತಿ ತೆರಿಗೆ 200 ತೆಗೆದರೆ ಉಳಿಯುವುದು 36,462. ನಾಲ್ಕು ಸಾವಿರದ ಏರಿಕೆಯಲ್ಲಿ ಬ್ಯಾಂಕಿಗೆ ಬೀಳುವುದು 2,424 ರೂಪಾಯಿ.

ಅವಳ ಮುಖ ಸಪ್ಪಗಾಯಿತು. ಹಾಗೆಂದು ಕಂಪನಿ ಇಲ್ಲಿ ಮೋಸ ಮಾಡಿಲ್ಲ. ಪಿಎಫ್ ಅವಳದೇ ದುಡ್ಡು, ವಿಮೆ ಅವಳಿಗೇ ಬೇಕಾದದ್ದು. ತಪ್ಪಾದದ್ದು ಬೇರೆ ಕಡೆ. ಈ ವಿವರಗಳಿದ್ದ ಪಟ್ಟಿ ಪತ್ರದ ಜೊತೆ ಇರಲಿಲ್ಲ, ಪೋರ್ಟಲ್‌ನಲ್ಲಿ ಹುಡುಕಿ ತೆಗೆಯಬೇಕಾಯಿತು. ಸಂಬಳ ಬದಲಾದರೆ ಹಳೆಯದು, ಹೊಸದು ಅಕ್ಕಪಕ್ಕ ಇರುವ ಒಂದು ಹಾಳೆಯನ್ನು ಪತ್ರಕ್ಕೇ ಲಗತ್ತಿಸಬೇಕು. ಜನವರಿಯ ಸಂಬಳ ನೋಡಿ ಗಾಬರಿಯಾಗಿ ಎಚ್‌ಆರ್ ಬಾಗಿಲಿಗೆ ಬಂದವರನ್ನು ನಾನು ಎಷ್ಟೋ ಸಲ ಕೂರಿಸಿ ಸಮಾಧಾನ ಮಾಡಿದ್ದೇನೆ. ಆ ಒಂದು ಹಾಳೆ ಮೊದಲೇ ಸಿಕ್ಕಿದ್ದರೆ ಅವರು ಬರಬೇಕಾದ ಪ್ರಮೇಯವೇ ಇರುತ್ತಿರಲಿಲ್ಲ.

ಸಂಬಳದ ಸಾಲಿನ ಕೆಳಗೆ, ಸಣ್ಣದಾಗಿ, ನೋಟಿಸ್ ಪಿರಿಯಡ್. ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಹೆಚ್ಚು ತೂಕದ ಮಾತು ಇದೇ. ಪ್ರೊಬೇಷನ್‌ನಲ್ಲಿ 30 ದಿನ ಇದ್ದದ್ದು ಈಗ 90 ದಿನ. ‘ನೋಟಿಸ್ ಪೂರೈಸದಿದ್ದರೆ ಉಳಿದ ದಿನಗಳ ಸಂಬಳವನ್ನು ವಸೂಲು ಮಾಡಲಾಗುವುದು’ ಎಂದಿತ್ತು. ಯಾವ ಸಂಬಳ? ಬೇಸಿಕ್ ಮೇಲೆ ಲೆಕ್ಕ ಹಾಕಿದರೆ ಮೂರು ತಿಂಗಳಿಗೆ 66,000. ಪಿಎಫ್, ವೃತ್ತಿ ತೆರಿಗೆ ಹಿಡಿಯುವ ಮುಂಚಿನ 39,302ರ ಮೇಲೆ ಹಾಕಿದರೆ 1,17,906. ಒಂದು ಪದ ಬಿಟ್ಟುಹೋದದ್ದಕ್ಕೆ ಐವತ್ತೊಂದು ಸಾವಿರಕ್ಕೂ ಮೀರಿದ ಅಂತರ. ಕಂಪನಿಯೇ ಬಿಡಿಸಿದರೂ ಅದೇ 90 ದಿನ ಅನ್ವಯಿಸುತ್ತದೆಯೇ ಎಂಬುದನ್ನೂ ಬರೆದಿರಲಿಲ್ಲ. ಎರಡೂ ಕಡೆಗೆ ಒಂದೇ ನಿಯಮವಾದರೆ ‘ಉಭಯತ್ರರಿಗೂ’ ಎಂದು ಸೇರಿಸುವುದು ಕಷ್ಟವೇನಲ್ಲ.

ಪತ್ರ ಕೊಟ್ಟರೂ ಬಿಟ್ಟರೂ ಬದಲಾಗದ ಸಂಗತಿಗಳೂ ಇವೆ. ಪ್ರೊಬೇಷನ್‌ನಲ್ಲಿರುವವರಿಗೆ ಯಾವ ಹಕ್ಕೂ ಇಲ್ಲ ಎಂದು ನಂಬಿದವರು ಬಹಳ ಜನ, ಅದಕ್ಕೇ ಹೇಳುತ್ತಿದ್ದೇನೆ. ಪಿಎಫ್ ಕಂಪನಿಗೆ ಸೇರಿದ ದಿನದಿಂದಲೇ ಕಟ್ಟಬೇಕು. ಗ್ರಾಚುಟಿಯ ಐದು ವರ್ಷ ಎಣಿಸುವುದು ಕೂಡ ಸೇರಿದ ದಿನದಿಂದ, ಕಾಯಂ ಆದ ದಿನದಿಂದ ಅಲ್ಲ. ಹೆರಿಗೆ ರಜೆಗೆ ಕಾನೂನು ಕೇಳುವುದು ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ ಹನ್ನೆರಡು ತಿಂಗಳಲ್ಲಿ 80 ದಿನಗಳ ಕೆಲಸವನ್ನು ಮಾತ್ರ. ಇನ್ನು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದು ಅನ್ವಯಿಸುವ ಕಡೆ, ಆಡಳಿತದ ಹುದ್ದೆಯಲ್ಲಿಲ್ಲದ ನೌಕರರು ಎಡೆಬಿಡದೆ ಆರು ತಿಂಗಳು ದುಡಿದಿದ್ದರೆ, ಸಕಾರಣವಿಲ್ಲದೆ ಹಾಗೂ ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ ಎನ್ನುತ್ತದೆ ಅದರ 39ನೇ ಕಲಂ. ಅಲ್ಲಿ ಎಣಿಕೆಗೆ ಬರುವುದು ದುಡಿದ ಕಾಲ.

‘ಪತ್ರವೇ ಬರದಿದ್ದರೆ?’ ಎಂದು ಕೇಳಿದಳು. ಅವಳ ಜೊತೆ ಸೇರಿದ ಸ್ಟೋರ್ಸ್‌ನ ಹುಡುಗನಿಗೆ ಇನ್ನೂ ಬಂದಿರಲಿಲ್ಲವಂತೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಇದೇ ಆಗಿತ್ತು. ಮ್ಯಾನೇಜರ್ ಫಾರಂ ತುಂಬಿ ಕೊಡಲಿಲ್ಲ, ನಾವು ಬೆನ್ನುಹತ್ತಲಿಲ್ಲ. ಎಂಟನೇ ತಿಂಗಳಲ್ಲಿ ಹುಡುಗನೊಬ್ಬ ರಾಜೀನಾಮೆ ಕೊಟ್ಟ. ಆರು ತಿಂಗಳು ಕಳೆದಿದೆ, ತಾನಾಗಿಯೇ ಕಾಯಂ ಆಗಿದ್ದೀರಿ, 90 ದಿನ ಇರಲೇಬೇಕು ಎಂದು ಮ್ಯಾನೇಜರ್ ಪಟ್ಟು ಹಿಡಿದರು. ಅವನು ತನ್ನ ನೇಮಕಾತಿ ಪತ್ರ ತಂದು ಮೇಜಿನ ಮೇಲಿಟ್ಟ. ‘ಲಿಖಿತವಾಗಿ ಕಾಯಂಗೊಳಿಸುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ’ ಎಂಬ ಸಾಲು ಅದರಲ್ಲಿತ್ತು. 30 ದಿನಕ್ಕೆ ಹೊರಟುಹೋದ. ಇದೇ ಸಾಲು ತಿರುಗಿಯೂ ಕೊಯ್ಯುತ್ತದೆ. ಕಂಪನಿ ಅವನನ್ನು ಬಿಡಿಸಲು ಹೊರಟಿದ್ದರೆ ಅದಕ್ಕೂ 30 ದಿನವೇ ಸಾಕಾಗುತ್ತಿತ್ತು.

ಸುಮ್ಮನಿದ್ದರೆ ಕಾಯಂ ಆದಂತೆಯೇ ಎಂಬ ಪ್ರಶ್ನೆ ಸರ್ಕಾರಿ ನೌಕರಿಯಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. 1968ರಲ್ಲಿ ಪಂಜಾಬಿನ ಧರ್ಮ್ ಸಿಂಗ್ ಪ್ರಕರಣದಲ್ಲಿ, ನಿಯಮವೇ ಪ್ರೊಬೇಷನ್‌ಗೆ ಗರಿಷ್ಠ ಮಿತಿ ಹಾಕಿ, ಅದನ್ನು ದಾಟಿಯೂ ನೌಕರನನ್ನು ಮುಂದುವರಿಸಿದ್ದರೆ ಅವನು ಕಾಯಂ ಆದನೆಂದೇ ಭಾವಿಸಬೇಕು ಎಂದಿತು ಕೋರ್ಟ್. ಆದರೆ ಕಾಯಂ ಆಗಲು ಪ್ರತ್ಯೇಕ ಆದೇಶ ಬೇಕೆಂದು ನಿಯಮ ಹೇಳುತ್ತಿದ್ದರೆ ಕಾಲ ಕಳೆದ ಮಾತ್ರಕ್ಕೆ ಕಾಯಂ ಆಗುವುದಿಲ್ಲ. ನಮ್ಮ ರಾಜ್ಯ ಸರ್ಕಾರದ ನೌಕರರಿಗೆ ಅನ್ವಯಿಸುವ 1977ರ ಪ್ರೊಬೇಷನ್ ನಿಯಮಗಳು ಈ ಎರಡನೇ ಬಗೆಯವು. ಆದೇಶ ತಡವಾಯಿತೆಂದು ಅವಧಿ ಮುಗಿಯಿತೆನ್ನುವ ಹಾಗಿಲ್ಲ ಎಂದು ಅಲ್ಲಿ ಬಿಡಿಸಿ ಹೇಳಿದೆ. ನಮ್ಮ ಮೇಷ್ಟ್ರುಗಳು ಭೇಟಿಯಾದಾಗೆಲ್ಲ ‘ನಿಂದು ಪ್ರೊಬೇಷನರಿ ಡಿಕ್ಲೇರ್ ಆಯ್ತಾ?’ ಎಂದು ವಿಚಾರಿಸಿಕೊಳ್ಳುವುದು ಇದಕ್ಕೇ.

ಖಾಸಗಿ ಕಂಪನಿಯಲ್ಲಿ ಮೊದಲು ನೋಡಬೇಕಾದದ್ದು ನೇಮಕಾತಿ ಪತ್ರದ ಆ ಒಂದು ಸಾಲನ್ನು. ಸ್ಟೋರ್ಸ್ ಹುಡುಗನಿಗೆ ಹೇಳು ಎಂದೆ: ‘ನನ್ನ ಪ್ರೊಬೇಷನ್ ಡಿಸೆಂಬರ್ 1ಕ್ಕೆ ಮುಗಿದಿದೆ, ತೀರ್ಮಾನ ತಿಳಿಸಿ’ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಲಿ. ವಿಸ್ತರಿಸುವುದಾದರೂ ಪತ್ರ ಬೇಕು. ಯಾವ ತಾರೀಕಿನವರೆಗೆ, ಯಾವ ಕೆಲಸದಲ್ಲಿ ಏನು ಸುಧಾರಿಸಬೇಕು, ಯಾರು ಯಾವಾಗ ಮತ್ತೆ ನೋಡುತ್ತಾರೆ ಎಂಬುದು ಅದರಲ್ಲಿರಬೇಕು.

ಅವಳ ಪತ್ರದ ಕೊನೆಯ ಸಾಲು ‘ಉಜ್ವಲ ಭವಿಷ್ಯ ಹಾರೈಸುತ್ತೇವೆ’. ಮುಂದೆ ಏನು ಮಾಡಬೇಕು ಎಂಬುದು ಎಲ್ಲೂ ಇಲ್ಲ. ವಿಮೆಗೆ ಅಪ್ಪ ಅಮ್ಮನ ಹೆಸರು ಸೇರಿಸಲು ಕೊನೆಯ ದಿನ ಯಾವುದು? ಗಳಿಕೆ ರಜೆ ಯಾವಾಗ ಖಾತೆಗೆ ಬೀಳುತ್ತದೆ? ಬರುವ ಏಪ್ರಿಲ್‌ನ ಸಂಬಳ ಪರಿಷ್ಕರಣೆಗೆ ಅವಳು ಸೇರುತ್ತಾಳೋ, ಅಥವಾ ಈಗಷ್ಟೇ ಏರಿಸಿದ್ದೇವೆಂದು ಮುಂದಿನ ವರ್ಷಕ್ಕೆ ತಳ್ಳುತ್ತಾರೋ? ಮೂರನೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಈ 2,424 ರೂಪಾಯಿ ಎಷ್ಟು ಕಾಲದ ಏರಿಕೆ ಎಂದೇ ಹೇಳಲಾಗದು.

ಇಬ್ಬರೂ ಕೂತು ಮೇಲ್ ಬರೆದೆವು. ಥ್ಯಾಂಕ್ಸ್ ಹೇಳಿ, ನಾಲ್ಕು ವಿಷಯ ಕೇಳಿದಳು: ಕಾಯಂ ಆದ ತಾರೀಕು, ಸಂಬಳದ ವಿವರದ ಹಾಳೆ, ನೋಟಿಸ್ ವಸೂಲಿ ಬೇಸಿಕ್ ಮೇಲೋ ಅಲ್ಲವೋ, ಏಪ್ರಿಲ್ ವಿಚಾರ. ‘ಕೇಳಿದರೆ ಏನಾದರೂ ಅಂದುಕೊಳ್ಳುತ್ತಾರಾ?’ ಎಂದು ಕಳುಹಿಸುವ ಮುಂಚೆ ಅನುಮಾನಿಸಿದಳು. ಆ ಕುರ್ಚಿಯಲ್ಲಿ ಕೂತವಳಾಗಿ ಹೇಳಿದೆ: ಸಹಿ ಹಾಕುವ ಮುಂಚೆ ಕೇಳಿದವರ ಮೇಲೆ ನನಗೆ ಬೇಸರ ಬಂದದ್ದಿಲ್ಲ, ಸಹಿ ಹಾಕಿ ಆರು ತಿಂಗಳಾದ ಮೇಲೆ ಜಗಳಕ್ಕೆ ಬಂದವರ ಮುಂದೆ ತಲೆ ತಗ್ಗಿಸಿದ್ದೇನೆ.

ಗುರುವಾರ ಸಂಜೆ ವಾಟ್ಸ್ಆ್ಯಪ್‌ನಲ್ಲಿ ತಿದ್ದಿದ ಪತ್ರದ ಫೋಟೊ ಕಳುಹಿಸಿದಳು. ಮೊದಲ ಸಾಲಿನಲ್ಲೇ ಡಿಸೆಂಬರ್ 2 ಇತ್ತು. ವಸೂಲಿ ಬೇಸಿಕ್ ಮೇಲೆ, ಎರಡೂ ಕಡೆಗೂ 90 ದಿನ. ಏಪ್ರಿಲ್‌ನಲ್ಲಿ ಅವಳ ಹೆಸರಿಲ್ಲ, ಪರಿಷ್ಕರಣೆ ಅಕ್ಟೋಬರ್‌ಗೆ. ಕೆಳಗೆ ಅವಳ ಸಹಿ, ಪಕ್ಕದಲ್ಲಿ ಅಂದಿನ ತಾರೀಕು. ಒಂದು ಪ್ರತಿ ಆಫೀಸಿಗೆ ಕೊಟ್ಟು, ಇನ್ನೊಂದನ್ನು ನೇಮಕಾತಿ ಪತ್ರದ ಹಿಂದೆ ಪಿನ್ ಮಾಡಿ ಇಟ್ಟಿದ್ದಾಳಂತೆ.