ಕಳೆಯುವ ಲೆಕ್ಕದಲ್ಲಿ ಎಡವಿದ ಮಾರುಕಟ್ಟೆ

ಷೇರಿನ ಬೆಲೆ ಗಗನಕ್ಕೇರಿದಾಗ ಅದು ಗುಳ್ಳೆಯೋ, ನಿಜವಾದ ಮೌಲ್ಯವೋ ಎಂದು ಆ ಹೊತ್ತಿನಲ್ಲೇ ಹೇಳುವುದು ಬಲು ಕಷ್ಟ. ವಿವೇಕದ ಬೆಲೆ ಎಂದರೆ ಆ ಕಂಪನಿ ಮುಂದೆ ಗಳಿಸಬಹುದಾದ ಲಾಭದ ಇಂದಿನ ಮೌಲ್ಯ ಎನ್ನುತ್ತದೆ ಅರ್ಥಶಾಸ್ತ್ರ. ಆದರೆ ಮುಂದಿನ ಲಾಭವನ್ನು ಕಂಡವರು ಯಾರು? 'ಲಾಭ ನೀವು ಎಣಿಸಿದ್ದಕ್ಕಿಂತ ಹೆಚ್ಚು ಬರಲಿದೆ' ಎಂದು ಬಿಟ್ಟರೆ ಎಂಥ ಬೆಲೆಯನ್ನೂ ಸಮರ್ಥಿಸಬಹುದು. ಹಾಗಾಗಿಯೇ 2000ದ ಮಾರ್ಚ್ 2ರಂದು ಅಮೆರಿಕದಲ್ಲಿ ನಡೆದದ್ದು ಅಷ್ಟು ಅಮೂಲ್ಯ. ಅಂದು ನಿಜಮೌಲ್ಯ ಗೊತ್ತಿಲ್ಲದೆಯೇ ಬೆಲೆ ತಪ್ಪೆಂದು ತೋರಿಸಬಹುದಾಗಿತ್ತು.

ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ತಯಾರಿಸುತ್ತಿದ್ದ ಪಾಮ್, ತ್ರೀಕಾಮ್ ಎಂಬ ಕಂಪನಿಯ ಸ್ವತ್ತಾಗಿತ್ತು. ತ್ರೀಕಾಮ್ ಅಂದು ಪಾಮ್‌ನ ಸುಮಾರು ಶೇ 5ರಷ್ಟು ಷೇರುಗಳನ್ನು ಮಾತ್ರ ಮಾರಿತು. ಉಳಿದವನ್ನು ಅದೇ ವರ್ಷ ತನ್ನ ಷೇರುದಾರರಿಗೇ ಹಂಚುವುದಾಗಿ ಹೇಳಿತ್ತು. ತ್ರೀಕಾಮ್‌ನ ಒಂದು ಷೇರು ಇದ್ದವರಿಗೆ ಪಾಮ್‌ನ ಸುಮಾರು ಒಂದೂವರೆ ಷೇರು ಸಿಗಬೇಕಿತ್ತು. ಅಂದಮೇಲೆ ತ್ರೀಕಾಮ್ ಷೇರಿನ ಬೆಲೆ ಪಾಮ್ ಬೆಲೆಯ ಒಂದೂವರೆ ಪಟ್ಟಿಗಿಂತ ಕಡಿಮೆಯಾಗುವಂತಿಲ್ಲ.

ದಿನದ ಕೊನೆಗೆ ಪಾಮ್ 95 ಡಾಲರ್‌ನಲ್ಲಿ ನಿಂತಿತು. ಅದರ ಒಂದೂವರೆ ಪಟ್ಟು 142. ತ್ರೀಕಾಮ್ ಮಾತ್ರ ಅಂದೇ ಕುಸಿದು 82 ಡಾಲರ್ ಆಸುಪಾಸಿಗೆ ಬಂತು. ಅಂದರೆ ತ್ರೀಕಾಮ್‌ನ ಉಳಿದೆಲ್ಲ ವ್ಯವಹಾರಕ್ಕೆ ಮಾರುಕಟ್ಟೆ ಕಟ್ಟಿದ ಬೆಲೆ ಷೇರಿಗೆ ಮೈನಸ್ 60 ಡಾಲರ್! ಅದು ಲಾಭದ ವ್ಯವಹಾರ. ಜೊತೆಗೆ ಷೇರಿಗೆ ಸುಮಾರು 10 ಡಾಲರ್‌ನಷ್ಟು ನಗದೂ ಅದರ ಬಳಿ ಇತ್ತು. ಗುಟ್ಟೇನೂ ಇರಲಿಲ್ಲ, ಮರುದಿನದ ಪತ್ರಿಕೆಗಳೇ ಈ ಲೆಕ್ಕವನ್ನು ಬರೆದವು.

ತ್ರೀಕಾಮ್ ಕೊಂಡರೆ ಅಗ್ಗವಾಗಿ ಸಿಗುತ್ತಿದ್ದ ಪಾಮ್ ಷೇರನ್ನು ಜನ ನೇರವಾಗಿ ದುಬಾರಿ ಬೆಲೆಗೆ ಕೊಂಡದ್ದೇಕೆ? ಮನಃಶಾಸ್ತ್ರ ಮೂರು ಎಳೆಗಳನ್ನು ತೋರಿಸುತ್ತದೆ.

ಮೊದಲನೆಯದು, ಕಿವಿಗೆ ಬಿದ್ದ ಸಂಖ್ಯೆಗೇ ಮನಸ್ಸು ಲಂಗರು ಹಾಕಿಕೊಳ್ಳುವುದು. 1974ರಲ್ಲಿ ಟ್ವರ್ಸ್ಕಿ ಮತ್ತು ಕಾನೆಮನ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ ತಿರುಗುವ ಚಕ್ರ 10ರಲ್ಲಿ ಅಥವಾ 65ರಲ್ಲಿ ನಿಲ್ಲುತ್ತಿತ್ತು. ಆಮೇಲೆ ವಿಶ್ವಸಂಸ್ಥೆಯ ಸದಸ್ಯರಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರೆ, 10 ಕಂಡವರ ಮಧ್ಯಮ ಉತ್ತರ 25, 65 ಕಂಡವರದು 45. ಪಾಮ್ ಷೇರಿಗೆ ಮೊದಲು ಹೇಳಿದ್ದು 14ರಿಂದ 16 ಡಾಲರ್. ಅದು 30ಕ್ಕೇರಿ, ಕೊನೆಗೆ 38ಕ್ಕೆ ನಿಗದಿಯಾಯಿತು. ವಹಿವಾಟು ಆರಂಭವಾದದ್ದೇ 145ರಲ್ಲಿ. ಆ 145 ಕಂಡವರಿಗೆ 95 ಅಗ್ಗವೆನಿಸಿರಬಹುದು.

ಎರಡನೆಯದು ಹಿಂಡಿನ ಹಿಂದೆ ಹೋಗುವುದು. ಇದು ಬರೀ ಮೌಢ್ಯವಲ್ಲ. ಮುಂದಿನವನಿಗೆ ಏನೋ ಗೊತ್ತಿರಬೇಕೆಂದು ನಂಬುವುದರಲ್ಲಿ ಒಂದು ತರ್ಕವಿದೆ. ತೊಂದರೆಯೆಂದರೆ ಆ ಮುಂದಿನವನೂ ಹಾಗೆಯೇ ಬಂದಿರುತ್ತಾನೆ. ಸಾವಿರ ಜನ ಕೊಂಡರೂ ಅದರಲ್ಲಿ ಸ್ವಂತ ಮಾಹಿತಿಯಿಂದ ನಿರ್ಧರಿಸಿದವರು ಬೆರಳೆಣಿಕೆಯಷ್ಟಿರಬಹುದು.

ಮೂರನೆಯದಾದ ಅತಿಯಾದ ಆತ್ಮವಿಶ್ವಾಸವೇ ನನ್ನ ಮಟ್ಟಿಗೆ ಮುಖ್ಯವಾದದ್ದು. ಬಾರ್ಬರ್ ಮತ್ತು ಓಡೀನ್ 1991–96ರ ನಡುವೆ ಅಮೆರಿಕದ ಅರವತ್ತಾರು ಸಾವಿರಕ್ಕೂ ಹೆಚ್ಚು ಕುಟುಂಬಗಳ ವಹಿವಾಟು ಪರಿಶೀಲಿಸಿದರು. ಮಾರುಕಟ್ಟೆ ವರ್ಷಕ್ಕೆ ಶೇ 17.9 ಗಳಿಸಿದಾಗ, ಅತಿ ಹೆಚ್ಚು ಕೊಂಡು ಮಾರಿದವರು ಗಳಿಸಿದ್ದು ಶೇ 11.4. ತನ್ನ ಅಂದಾಜಿನ ಮೇಲೆ ಅಷ್ಟು ನಂಬಿಕೆ ಇರುವವನು ಬೇರೆಯವರ ಅಂದಾಜು ಕಂಡು ತನ್ನದನ್ನು ತಿದ್ದಿಕೊಳ್ಳುವುದಿಲ್ಲ. ಹೀಗಾಗಿ ಆಶಾವಾದಿ ಆಶಾವಾದಿಯಾಗಿಯೇ, ನಿರಾಶಾವಾದಿ ನಿರಾಶಾವಾದಿಯಾಗಿಯೇ ಉಳಿಯುತ್ತಾರೆ.

ಇಬ್ಬರಿಗೂ ಸಮಾನ ಅವಕಾಶವಿದ್ದರೆ ಬೆಲೆ ನಡುವೆಲ್ಲೋ ನಿಲ್ಲುತ್ತದೆ. ವಿವೇಕದ ಬೆಲೆಯ ಸಿದ್ಧಾಂತ ನೆಚ್ಚಿರುವುದೂ ಇದನ್ನೇ: ದುಬಾರಿ ಷೇರನ್ನು ಎರವಲು ಪಡೆದು ಮಾರಿ, ಬೆಲೆ ಇಳಿದಾಗ ಕೊಂಡು ಹಿಂದಿರುಗಿಸುವ ಚತುರರು ತಪ್ಪನ್ನು ತಿದ್ದುತ್ತಾರೆ ಎಂಬುದನ್ನು. ಪಾಮ್ ವಿಷಯದಲ್ಲಿ ಅವರ ಕೈ ಕಟ್ಟಿಹೋಗಿತ್ತು. ಪೇಟೆಗೆ ಬಂದದ್ದೇ ಶೇ 5. ಎರವಲು ಕೊಡುವವರು ಸಿಗುತ್ತಿರಲಿಲ್ಲ, ಸಿಕ್ಕರೂ ಬಾಡಿಗೆ ದುಬಾರಿ. ನಿರಾಶಾವಾದಿಗಳು ಬೆಲೆಯ ಲೆಕ್ಕದಿಂದಲೇ ಹೊರಗುಳಿದರು. ಉಳಿದವರು ಕಟ್ಟಿದ್ದೇ ಬೆಲೆಯಾಯಿತು.

ಈ ಪ್ರಕರಣವನ್ನು ಕೂಲಂಕಷವಾಗಿ ಅಧ್ಯಯನ ಮಾಡಿದವರು ಲ್ಯಾಮಂಟ್ ಮತ್ತು ಥೇಲರ್. ಮನಸ್ಸಿನ ತಪ್ಪೊಂದೇ ಗುಳ್ಳೆಗೆ ಸಾಲದು, ಅದನ್ನು ತಿದ್ದುವ ದಾರಿಯೂ ಮುಚ್ಚಿರಬೇಕು ಎಂಬುದು ಅದರಿಂದ ಸ್ಪಷ್ಟವಾಗುತ್ತದೆ. ಎರವಲಿಗೆ ಸಿಗುವ ಷೇರುಗಳು ಹೆಚ್ಚಾದಂತೆ ಕೆಲವು ತಿಂಗಳೊಳಗೆ ಆ ಮೈನಸ್ ಮಾಯವಾಯಿತು. ಆದರೆ ನಾಸ್ಡ್ಯಾಕ್‌ನ ಇತರ ಕಂಪನಿಗಳಿಗೆ ಹೀಗೆ ಕಳೆದು ನೋಡಲು ಮಾತೃಸಂಸ್ಥೆಯೇ ಇರಲಿಲ್ಲ. ಪಾಮ್ ಪೇಟೆಗೆ ಬಂದ ಎಂಟು ದಿನಕ್ಕೆ, ಮಾರ್ಚ್ 10ರಂದು, ಆ ಸೂಚ್ಯಂಕ 5,048ರ ಶಿಖರ ಮುಟ್ಟಿತು. 2002ರ ಅಕ್ಟೋಬರ್ ವೇಳೆಗೆ ಅದರ ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿಹೋಗಿತ್ತು.